ಒಂದು ಸ್ಟಾರ್ ಕೊಟ್ಟವರಿಗೆ ಬರೆಯುವ ಪತ್ರ

(ಹಾವೇರಿಯಲ್ಲಿ, ಮನೆಯಲ್ಲೇ ಪುಡಿ, ಹಿಂಡಿ, ರೊಟ್ಟಿ ಮಾಡಿ ಮಾರುವವರು ಮತ್ತು ಸಣ್ಣ ಅಂಗಡಿಯವರು ಸೇರಿದ್ದ ಕಡೆ ಆಡಿದ ಮಾತುಗಳು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ರಿವ್ಯೂ ಓದಿಬಿಡುತ್ತೇನೆ. ಹುಬ್ಬಳ್ಳಿಯ ಒಂದು ಖಾರದ ಪುಡಿ ಅಂಗಡಿಗೆ ಗೂಗಲ್‌ನಲ್ಲಿ ಬಂದದ್ದು. ಅಂಗಡಿಯ ಹೆಸರು ಬೇಡ, ಬರೆದವರ ಹೆಸರೂ ಬೇಡ.

"ಬಣ್ಣ ಹಾಕಿದ ಪುಡಿ ಕಳಿಸಿದ್ದಾರೆ. ಖಾರ ಅನ್ನೋದೇ ಇಲ್ಲ. ಒಂದು ಪ್ಯಾಕೆಟ್ ಸೀಲ್ ಬಿಟ್ಟಿತ್ತು, ಬಾಕ್ಸ್ ತುಂಬ ಪುಡಿ ಚೆಲ್ಲಿತ್ತು. ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಉತ್ತರ ಕರ್ನಾಟಕದವರು ಅಂತ ನಂಬಿ ತರಿಸಿದೆ. ಮೋಸಗಾರರು. ಯಾರೂ ತಗೋಬೇಡಿ."

ಒಂದೇ ಸ್ಟಾರ್. ಬರೆದವರು ಮೈಸೂರಿನವರು. ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿ, ಅರ್ಧ ಅರ್ಧ ಕಿಲೋದ ಎರಡು ಪ್ಯಾಕೆಟ್ ತರಿಸಿಕೊಂಡಿದ್ದರು. ಪ್ಯಾಕೆಟ್‌ಗೆ ₹340, ಕೊರಿಯರ್‌ಗೆ ₹80, ಒಟ್ಟು ₹760.

ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿಗಳ ಆನ್‌ಲೈನ್ ಆರ್ಡರು, ಪತ್ರ ವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಅಂಗಡಿಯ ಅಣ್ಣಾವ್ರು ಇದನ್ನು ನನಗೆ ಕಳಿಸಿದರು. ಕಳಿಸಿದ್ದಷ್ಟೇ ಅಲ್ಲ, ಹಿಂದೆಯೇ ಫೋನೂ ಬಂತು. "ಏನ್ರೀ ಇದು? ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹಾಕ್ತಾರಂತ! ಅದರ ಬಣ್ಣ ನೋಡಿದವ್ರು ಯಾರರ ಈ ಮಾತು ಆಡ್ತಾರೇನು?" ಅವರ ಸಿಟ್ಟು ನಿಮಗೆ ಬೇರೆ ಹೇಳಬೇಕಾಗಿಲ್ಲ. ಬ್ಯಾಡಗಿ ಇಲ್ಲೇ, ನಿಮ್ಮ ಜಿಲ್ಲೆಯಲ್ಲೇ ಇದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಮೈಸೂರಿನ ಆ ಅಕ್ಕನಿಗೆ ಗೊತ್ತಿರಲಿಲ್ಲ.

ಅಣ್ಣಾವ್ರು ಆಗಲೇ ಒಂದು ಉತ್ತರ ಬರೆದಿಟ್ಟಿದ್ದರು. ಅವರ ಒಪ್ಪಿಗೆ ತಗೊಂಡೇ ಅದನ್ನೂ ಓದುತ್ತೇನೆ. "ನಮ್ಮದು ನಮ್ಮ ಅಪ್ಪನ ಕಾಲದ ಅಂಗಡಿ. ಇಲ್ಲಿಯವರೆಗೆ ಒಬ್ಬರೂ ಹೀಗೆ ಅಂದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ತಿಳಿದುಕೊಂಡು ಬರೆಯಿರಿ. ನಿಮ್ಮ ಪೂರ್ತಿ ಹಣ ವಾಪಸ್ ಕೊಡುತ್ತೇವೆ, ಮೇಲೆ ಒಂದು ಕಿಲೋ ಪುಡಿ ಕಳಿಸುತ್ತೇವೆ, ದಯವಿಟ್ಟು ರಿವ್ಯೂ ತೆಗೆಯಿರಿ. ಇಲ್ಲದಿದ್ದರೆ ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ."

ಬೈಗುಳ, ಲಂಚ, ಬೆದರಿಕೆ ಮೂರೂ ಒಂದೇ ಪತ್ರದಲ್ಲಿ ಬಂದಿವೆ. ನಗಬೇಡಿ, ನಮ್ಮಲ್ಲಿ ಬಹಳ ಜನ ಹೀಗೇ ಬರೆಯುತ್ತಾರೆ. ಸಿಟ್ಟು ಮತ್ತು ಹೆದರಿಕೆ ಒಟ್ಟಿಗೇ ಇದ್ದಾಗ ಕೈಯಿಂದ ಹೀಗೇ ಬರುತ್ತದೆ. ಈ ಪತ್ರವನ್ನು ಕಳಿಸಲಿಲ್ಲ. ಬದಲಿಗೆ ಏನು ಕಳಿಸಿದೆವು, ಯಾಕೆ ಕಳಿಸಿದೆವು ಅನ್ನೋದನ್ನೇ ಇವತ್ತು ಹೇಳುತ್ತೇನೆ. ಬೇರೆ ವಿಷಯಕ್ಕೆ ಹೋಗುವುದಿಲ್ಲ.

ಇಬ್ಬರೂ ಕೂತು ಮೊದಲು ಆ ರಿವ್ಯೂವನ್ನು ಪೆನ್ನು ಹಿಡಿದು ಓದಿದೆವು. ಅವರಿಗೆ ಏನಾಯಿತು ಅನ್ನುವ ಮಾತಿಗೆ ಒಂದು ಗೆರೆ. ಅದರಿಂದ ಅವರು ಏನೆಂದುಕೊಂಡರು ಅನ್ನುವ ಮಾತಿಗೆ ಇನ್ನೊಂದು ಗೆರೆ. ಸೀಲ್ ಬಿಟ್ಟಿತ್ತು, ಇದು ಆದದ್ದು. ಫೋನ್ ಎತ್ತಲಿಲ್ಲ, ಇದೂ ಆದದ್ದು. ಖಾರ ಇಲ್ಲ, ಅದೂ ಅವರ ನಾಲಿಗೆಗೆ ಆದದ್ದೇ. ಬಣ್ಣ ಹಾಕಿದ್ದಾರೆ, ಮೋಸಗಾರರು, ಇವೆರಡು ಅವರು ಅಂದುಕೊಂಡದ್ದು. ಈಗ ಅಣ್ಣಾವ್ರ ಉತ್ತರವನ್ನು ಪಕ್ಕದಲ್ಲಿಟ್ಟು ನೋಡಿ. ಅವರು ಉತ್ತರ ಕೊಟ್ಟದ್ದು ಬಣ್ಣಕ್ಕೆ ಮತ್ತು ಮೋಸಕ್ಕೆ. ಸೀಲಿನ ಬಗ್ಗೆ, ಫೋನಿನ ಬಗ್ಗೆ ಒಂದಕ್ಷರವೂ ಇಲ್ಲ. ಜೋರಾಗಿ ಅಂದ ಮಾತು ನಮಗೆ ಚುಚ್ಚುತ್ತದೆ, ನಾವು ಅದಕ್ಕೇ ತಿರುಗಿ ಬೀಳುತ್ತೇವೆ. ಆ ಅಕ್ಕ ಸರಿಯಾಗಿ ಹೇಳಿದ ಮಾತು ಮಧ್ಯದಲ್ಲಿ ಮೆತ್ತಗೆ ಕೂತಿರುತ್ತದೆ. ಪತ್ರ ಶುರುವಾಗಬೇಕಾದದ್ದು ಅಲ್ಲಿಂದ.

ಆದರೆ ಪತ್ರ ಬರೆಯುವುದು ಯಾರಿಗೆ? ಇದು ಸುಲಭ ಅನ್ನಿಸಬಹುದು, ಅಷ್ಟು ಸುಲಭವಲ್ಲ. ಗೂಗಲ್‌ನಲ್ಲಿ ರಿವ್ಯೂ ಬರೆದವರಿಗೆ ನೀವು ಎಲ್ಲರ ಮುಂದೆ ಉತ್ತರ ಕೊಡಬಹುದು, ಖಾಸಗಿಯಾಗಿ ಕೊಡಲು ಅಲ್ಲಿ ದಾರಿ ಇಲ್ಲ. ಅಂಗಡಿಯ ಪ್ರೊಫೈಲಿನಲ್ಲಿ ಮೊದಲು ಚಾಟ್ ಇತ್ತು, ಅದನ್ನೂ 2024ರ ಜುಲೈಗೆ ನಿಲ್ಲಿಸಿದರು. ರಿವ್ಯೂ ಮೇಲೆ ಕಾಣುವ ಹೆಸರು ಎಷ್ಟೋ ಸಲ ಪೂರ್ತಿ ಇರುವುದಿಲ್ಲ. ಇಲ್ಲಿ ಎರಡು ಇಂಗ್ಲಿಷ್ ಅಕ್ಷರ ಮಾತ್ರ ಇದ್ದವು. ಮೈಸೂರು ಅನ್ನುವುದೂ ಆಗ ನಮಗೆ ಗೊತ್ತಿರಲಿಲ್ಲ.

ಅಣ್ಣಾವ್ರು ಆರ್ಡರ್ ಪಟ್ಟಿ ತೆಗೆದು, "ಇವ್ರೇ ಇರಬೇಕು ರೀ, ಬೆಂಗಳೂರಿನವ್ರು, ಮೊದಲೂ ಕಿರಿಕಿರಿ ಮಾಡಿದ್ರು" ಅಂದರು. ಹಾಗೆ ಅಂದಾಜಿನ ಮೇಲೆ ಹೋಗಬಾರದು. ತಪ್ಪು ಮನುಷ್ಯರಿಗೆ "ನೀವು ನಮ್ಮ ಬಗ್ಗೆ ಕೆಟ್ಟದಾಗಿ ಬರೆದಿದ್ದೀರಿ" ಅಂತ ಕಳಿಸಿದರೆ ಇನ್ನೊಬ್ಬ ಗ್ರಾಹಕರೂ ಹೋದರು. ಆಗ ಅಂಗಡಿಯ ಫೋನಿನ ಮಿಸ್ಡ್ ಕಾಲ್ ಪಟ್ಟಿ ತೆಗೆಸಿದೆ. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಒಂದೇ ನಂಬರಿನಿಂದ ಮೂರು ಕರೆ. ಅದೇ ನಂಬರು ಆರ್ಡರ್ ಪಟ್ಟಿಯಲ್ಲಿತ್ತು, ಮೈಸೂರಿನ ವಿಳಾಸದ ಜೊತೆ. ಕೊರಿಯರ್ ತಲುಪಿದ್ದು ಸೋಮವಾರ ಸಂಜೆ. ರಿವ್ಯೂ ಬಂದದ್ದು ಬುಧವಾರ ಬೆಳಿಗ್ಗೆ. ಇಷ್ಟು ಕೂಡಿಬಂದ ಮೇಲೆ ಅನುಮಾನ ಉಳಿಯಲಿಲ್ಲ.

ಕರೆ ಯಾಕೆ ಎತ್ತಲಿಲ್ಲ ಅನ್ನೋದೂ ಅಲ್ಲೇ ಗೊತ್ತಾಯಿತು. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚುತ್ತಾರೆ. ಫೋನು ಗಲ್ಲಾ ಪೆಟ್ಟಿಗೆಯಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಸಂಜೆ ಗಿರಾಕಿಗಳ ಗದ್ದಲ. ಮಿಸ್ಡ್ ಕಾಲ್ ಯಾರು ನೋಡುತ್ತಾರೆ? ಅದನ್ನೆಲ್ಲ ಕೇಳಿ ಅಣ್ಣಾವ್ರು ಸ್ವಲ್ಪ ತಣ್ಣಗಾದರು. ಬಣ್ಣದ ಮಾತು ಸುಳ್ಳು ಇರಬಹುದು, ಫೋನಿನ ಮಾತು ಕಣ್ಣ ಮುಂದೆ ಇತ್ತು.

ನಂಬರು ಸಿಗದಿದ್ದರೆ ಏನು ಮಾಡಬೇಕು ಅಂತ ಕೆಲವರು ಕೇಳಬಹುದು. ಆಗ ಎಲ್ಲರಿಗೂ ಕಾಣುವ ಉತ್ತರದಲ್ಲೇ ಕರೆಯಬೇಕು. ಅಂಗಡಿಯ ನಂಬರು, ಯಾರನ್ನು ಕೇಳಬೇಕು, ಯಾವ ಹೊತ್ತಿಗೆ ಅಂತ ಹೇಳಿ ಸುಮ್ಮನಾಗುವುದು. ಬಂದರೆ ಬಂದರು.

ಇಲ್ಲಿ ನಂಬರು ಸಿಕ್ಕಿತ್ತು. ಆದರೂ ಖಾಸಗಿ ಪತ್ರಕ್ಕೆ ಮೊದಲು ಎಲ್ಲರಿಗೂ ಕಾಣುವ ಒಂದು ಚಿಕ್ಕ ಉತ್ತರ ಹಾಕಿದೆವು. "ನಮಸ್ಕಾರ. ನಿಮ್ಮ ಕರೆ ನಾವು ಎತ್ತಲಿಲ್ಲ, ತಿರುಗಿ ಮಾಡಲೂ ಇಲ್ಲ, ಕ್ಷಮಿಸಿ. ಪ್ಯಾಕೆಟ್ ಮತ್ತು ಪುಡಿಯ ಬಗ್ಗೆ ನಿಮಗೆ ನೇರವಾಗಿ ಬರೆಯುತ್ತಿದ್ದೇವೆ." ಅಷ್ಟೇ. ಅವರ ಊರು, ನಂಬರು, ಏನು ತರಿಸಿದರು, ಎಷ್ಟು ಕೊಟ್ಟರು ಯಾವುದೂ ಅದರಲ್ಲಿಲ್ಲ. ಮಾಲೀಕರು ಉತ್ತರ ಕೊಟ್ಟರೆ ರಿವ್ಯೂ ಬರೆದವರಿಗೆ ಗೂಗಲ್‌ನಿಂದಲೇ ಸೂಚನೆ ಹೋಗುತ್ತದೆ. ಹಾಗಾಗಿ ವಾಟ್ಸಾಪ್ ತೆರೆಯುವ ಮೊದಲೇ ಪತ್ರ ಬರುತ್ತದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಎಷ್ಟು ಬೇಗ ಬರೆಯಬೇಕು? ಆನ್‌ಲೈನ್ ಮಾರಾಟಕ್ಕೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಂದಿದೆ. ದೂರು ಬಂದರೆ 48 ಗಂಟೆಯೊಳಗೆ "ತಲುಪಿತು" ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ ಅದರಲ್ಲಿದೆ. ಆ 48 ಗಂಟೆಯನ್ನು ನಮ್ಮ ಗೆರೆ ಅಂತ ಇಟ್ಟುಕೊಳ್ಳಿ. ಆದರೆ ಸಿಟ್ಟಿನ ಮೊದಲ ಗಂಟೆಯಲ್ಲಿ ಮಾತ್ರ ಬರೆಯಬೇಡಿ. ಅಣ್ಣಾವ್ರ ಮೊದಲ ಪತ್ರ ಆ ಗಂಟೆಯದೇ.

ಈಗ ನಾವು ಕಳಿಸಿದ ಪತ್ರ. ಅಂಗಡಿಯ ನಂಬರಿನಿಂದಲೇ ಹೋಯಿತು, ನನ್ನ ನಂಬರಿನಿಂದ ಹೋಗಲಿಲ್ಲ. ಅವರು ಯಾವ ನಂಬರಿಗೆ ಆರ್ಡರ್ ಕೊಟ್ಟಿದ್ದರೋ ಅದೇ ಚಾಟ್‌ನಲ್ಲಿ, ಹಳೆಯ ಮಾತುಕತೆಯ ಕೆಳಗೆ.

"ನಮಸ್ಕಾರ ಮೇಡಂ. ನೀವು ಖಾರದ ಪುಡಿ ತರಿಸಿಕೊಂಡ ಹುಬ್ಬಳ್ಳಿಯ ಅಂಗಡಿಯ ಮಾಲೀಕ ನಾನು. ಮಂಗಳವಾರ ಮಧ್ಯಾಹ್ನ ನೀವು ಮಾಡಿದ ಮೂರು ಕರೆ ನಮ್ಮ ಫೋನಿನಲ್ಲಿವೆ. ಊಟದ ಹೊತ್ತಿಗೆ ಅಂಗಡಿ ಮುಚ್ಚಿತ್ತು. ಆದರೆ ಸಂಜೆಯಾದರೂ ನಾವು ತಿರುಗಿ ಮಾಡಬೇಕಿತ್ತು, ಮಾಡಲಿಲ್ಲ. ಅದು ನಮ್ಮ ತಪ್ಪು.

ಸೀಲ್ ಬಿಟ್ಟ ಪ್ಯಾಕೆಟ್‌ನ ಪುಡಿ ಉಳಿದಿದ್ದರೆ ಬಳಸಬೇಡಿ. ಅದನ್ನು ವಾಪಸ್ ಕಳಿಸುವುದೂ ಬೇಡ. ಅದರ ₹340 ನೀವು ಹಣ ಹಾಕಿದ ಯುಪಿಐಗೇ ವಾಪಸ್ ಹಾಕುತ್ತೇವೆ. ಹಣದ ಬದಲು ಬೇರೆ ಪ್ಯಾಕೆಟ್ ಬೇಕಿದ್ದರೆ ಅದನ್ನು ಕಳಿಸುತ್ತೇವೆ. ಯಾವುದು ಅಂತ ಒಂದು ಮಾತು ತಿಳಿಸಿ. ನಾವು ಯಾವ ಲಿಂಕೂ ಕಳಿಸುವುದಿಲ್ಲ, ಪಿನ್ ಕೇಳುವುದಿಲ್ಲ.

ನಾವು ಪುಡಿಗೆ ಬಣ್ಣ ಹಾಕುವುದಿಲ್ಲ. ನಿಮಗೆ ಹಾಗೆ ಯಾಕೆ ಅನ್ನಿಸಿತು ಅಂತ ಹೇಳಿದರೆ ಅದಕ್ಕೂ ಸರಿಯಾಗಿ ಉತ್ತರ ಕೊಡುತ್ತೇವೆ. ಫೋನಿನಲ್ಲಿ ಮಾತಾಡುವುದು ಅನುಕೂಲವಾದರೆ ಹೊತ್ತು ತಿಳಿಸಿ, ನಾನೇ ಮಾಡುತ್ತೇನೆ."

ಇದರಲ್ಲಿ ಕೆಲವು ಮಾತು ಯಾಕೆ ಹಾಗಿವೆ ಅಂತ ಹೇಳಬೇಕು.

ಮೊದಲನೆಯದು, "ಮಂಗಳವಾರ, ಮಧ್ಯಾಹ್ನ, ಮೂರು ಕರೆ". "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಅಂತ ಯಾವ ಕಂಪನಿಯೂ ಬರೆಯುತ್ತದೆ, ಯಾರಿಗೂ ಬರೆಯುತ್ತದೆ. ಅದನ್ನು ಓದಿದವರಿಗೆ ತಮ್ಮ ದೂರು ಯಾರೋ ಓದಿದ್ದಾರೆ ಅಂತ ಅನ್ನಿಸುವುದಿಲ್ಲ. ವಾರ, ಹೊತ್ತು, ಕರೆ ಎಣಿಸಿ ಹೇಳಿದರೆ ಅನ್ನಿಸುತ್ತದೆ. ಕಾರಣ ಒಂದೇ ವಾಕ್ಯದಲ್ಲಿ ಮುಗಿದಿದೆ, ಅದರ ಹಿಂದೆಯೇ "ಆದರೆ ತಿರುಗಿ ಮಾಡಬೇಕಿತ್ತು" ಅಂತ ಬಂದಿದೆ. ಕಾರಣವನ್ನೇ ನಾಲ್ಕು ಸಾಲು ಹೇಳಿದ್ದರೆ ಅದು ನೆಪ ಅನ್ನಿಸುತ್ತಿತ್ತು.

ಎರಡನೆಯದು ಲಿಂಕು, ಪಿನ್ನಿನ ಮಾತು. ಈಗಿನ ಕಾಲದಲ್ಲಿ "ನಿಮ್ಮ ಹಣ ವಾಪಸ್ ಕೊಡುತ್ತೇವೆ" ಅನ್ನುವ ವಾಟ್ಸಾಪ್ ಬಂದರೆ ಜನ ಏನೆಂದುಕೊಳ್ಳುತ್ತಾರೆ ಹೇಳಿ? ಮೊದಲು ಬರುವ ಯೋಚನೆ, ಇದು ಟೋಪಿ ಹಾಕುವವರ ಕೆಲಸ ಅಂತ. ಆಗಲೇ ನಿಮ್ಮನ್ನು ಮೋಸಗಾರರು ಅಂದವರಿಗೆ ಆ ಅನುಮಾನ ಇನ್ನೂ ಜಾಸ್ತಿ. ಅದಕ್ಕೇ ಮೊದಲು ಗೂಗಲ್‌ನಲ್ಲಿ "ನೇರವಾಗಿ ಬರೆಯುತ್ತಿದ್ದೇವೆ" ಅಂದದ್ದು, ಅದಕ್ಕೇ ಹಳೆಯ ಚಾಟ್‌ನಲ್ಲೇ ಬರೆದದ್ದು, ಅದಕ್ಕೇ ಹಣ ಬಂದ ಯುಪಿಐಗೇ ವಾಪಸ್ ಅಂದದ್ದು. ಯುಪಿಐನಲ್ಲಿ ಹಣ ಬರಲು ಪಿನ್ ಒತ್ತಬೇಕಾಗಿಲ್ಲ, ಹಣ ಕೊಡುವಾಗ ಮಾತ್ರ ಒತ್ತಬೇಕು. ಗ್ರಾಹಕರಿಗೆ ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ಹಣ ಬರುತ್ತೆ" ಅಂತ ಹೇಳುವ ಅಂಗಡಿಯವರನ್ನೂ ನೋಡಿದ್ದೇನೆ. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ತಿಳಿಯದೆ ಮಾಡಿದ್ದು. ಆದರೆ ಕಳ್ಳರು ಮಾಡುವುದೂ ಅದನ್ನೇ.

ಮೂರನೆಯದು, ₹340 ಮಾತ್ರ ಯಾಕೆ? ಅಣ್ಣಾವ್ರು ಪೂರ್ತಿ ಹಣದ ಜೊತೆ ಒಂದು ಕಿಲೋ ಪುಡಿ ಕೊಡಲು ತಯಾರಿದ್ದರು. ಕೈ ದೊಡ್ಡದು ಅವರದು. ಆದರೆ ಆದ ನಷ್ಟಕ್ಕಿಂತ ಜಾಸ್ತಿ ಕೊಡಲು ಹೋದರೆ ಬಾಯಿ ಮುಚ್ಚಿಸಲು ಕೊಟ್ಟ ಹಾಗೆ ಕಾಣುತ್ತದೆ. ಕೆಟ್ಟದ್ದು ಒಂದು ಪ್ಯಾಕೆಟ್. ಆ ಪ್ಯಾಕೆಟ್‌ನ ಹಣ. ಮುಂದೆ ಇನ್ನೇನಾದರೂ ಹೊರಬಂದರೆ ಆಗ ಅದರ ಲೆಕ್ಕ.

ಇನ್ನು ಪತ್ರದಲ್ಲಿ ಇಲ್ಲದ ಮಾತು. ರಿವ್ಯೂ ಅನ್ನುವ ಪದವೇ ಅದರಲ್ಲಿ ಇಲ್ಲ. ತೆಗೆಯಿರಿ ಅಂತ ಇಲ್ಲ, ಬದಲಿಸಿ ಅಂತ ಇಲ್ಲ, "ಸಮಾಧಾನವಾದರೆ ದಯವಿಟ್ಟು ಅಪ್ಡೇಟ್ ಮಾಡಿ" ಅನ್ನುವ ನಯವಾದ ಮಾತೂ ಇಲ್ಲ. ಇದಕ್ಕೆ ಅಣ್ಣಾವ್ರ ಜೊತೆ ಒಂದು ಸಣ್ಣ ಜಗಳವೇ ಆಯಿತು. "ಮತ್ತ್ಯಾಕ ಬರೀಬೇಕ್ರೀ? ಸ್ಟಾರು ಹಂಗ ಉಳಿದ್ರ ನಮಗೇನು ಬಂತು?" ಅಂದರು. ಕೇಳಬೇಕಾದ ಪ್ರಶ್ನೆಯೇ.

ಹಣ ಅಥವಾ ಸಾಮಾನು ಕೊಟ್ಟು ಕೆಟ್ಟ ರಿವ್ಯೂ ತೆಗೆಸುವುದು, ಬದಲಿಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ರಿಯಾಯಿತಿ ಕೊಡುತ್ತೇವೆ, ರಿವ್ಯೂ ತೆಗೆಯಿರಿ ಅಂತ ಅಂಗಡಿಯವರು ಕೇಳುವುದನ್ನೂ ಅದು ಒಪ್ಪುವುದಿಲ್ಲ. ನಿಯಮದ ಮಾತು ಬಿಟ್ಟರೂ ಇನ್ನೊಂದಿದೆ. ಖಾಸಗಿ ಪತ್ರ ಖಾಸಗಿಯಾಗಿ ಉಳಿಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಅದೇ ರಿವ್ಯೂ ಕೆಳಗೆ ಹಾಕಲು ಒಂದು ನಿಮಿಷ ಸಾಕು. "ರಿವ್ಯೂ ತೆಗೆದರೆ ಹಣ" ಅನ್ನುವ ನಿಮ್ಮ ಸಾಲು ಅಲ್ಲಿ ಬಂದರೆ ಮೊದಲಿನ ರಿವ್ಯೂಗಿಂತ ಅದೇ ಜಾಸ್ತಿ ಹಾನಿ ಮಾಡುತ್ತದೆ. ಪತ್ರ ಕಳಿಸುವ ಮೊದಲು, ಇದು ನಾಳೆ ಊರಿಗೆಲ್ಲ ಕಂಡರೆ ನನಗೆ ನಾಚಿಕೆಯಾಗುವ ಸಾಲು ಯಾವುದು ಅಂತ ಒಮ್ಮೆ ಓದಿ ನೋಡಿ. ಅಂಥ ಸಾಲಿದ್ದರೆ ಅದನ್ನು ಹೊಡೆದು ಹಾಕಿ.

ಕಾನೂನು ಕ್ರಮದ ಬೆದರಿಕೆಯೂ ಹೀಗೇ. ಮಾನನಷ್ಟದ ಕಾನೂನು ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ₹760 ಕೊಟ್ಟು, ಚೆಲ್ಲಿದ ಪುಡಿ ಬಳಿದುಕೊಂಡು, ಮೂರು ಸಲ ಫೋನ್ ಮಾಡಿದ ಮನುಷ್ಯರಿಗೆ ಮೊದಲ ಪತ್ರದಲ್ಲೇ ಕೋರ್ಟಿನ ಮಾತು ಹೇಳಿದರೆ, ಆಮೇಲೆ ಬಗೆಹರಿಸುವ ಮಾತಿಗೆ ಜಾಗ ಇರುವುದಿಲ್ಲ.

ಪತ್ರ ಹೋಯಿತು. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಅಣ್ಣಾವ್ರು ತಾಸಿಗೊಮ್ಮೆ ಫೋನ್ ತೆಗೆದು ನೋಡುತ್ತಿದ್ದರು. ಮರುದಿನ ಸಂಜೆ ಬಂತು, ಎರಡೇ ಸಾಲು.

"ಹಣ ಆಮೇಲೆ ನೋಡೋಣ. ನೀರಿಗೆ ಹಾಕಿದರೆ ಕೆಂಪು ಬಿಡುತ್ತಿದೆ, ನಾನೇ ನೋಡಿದೆ. ಮಕ್ಕಳು ತಿಂದಿದ್ದಾರೆ."

ಈ ಎರಡು ಸಾಲು ಓದಿದ ಮೇಲೆ ಇಡೀ ರಿವ್ಯೂ ಬೇರೆ ಥರ ಕಾಣಿಸಿತು. ಮೋಸಗಾರರು ಅಂದವರು ದುಡ್ಡಿನ ಸಿಟ್ಟಿನಲ್ಲಿ ಅಂದಿರಲಿಲ್ಲ. ಮಕ್ಕಳ ಹೊಟ್ಟೆಗೆ ಏನು ಹೋಯಿತೋ ಅಂತ ಹೆದರಿದ್ದರು. ಮೂರು ಸಲ ಫೋನ್ ಮಾಡಿದ್ದೂ ಅದನ್ನು ಕೇಳಲೇ. ರಿವ್ಯೂನಲ್ಲಿ ಈ ಮಾತು ಎಲ್ಲೂ ಇರಲಿಲ್ಲ ನೋಡಿ. ಹೀಗೆ ಆಗುವುದು ಹೊಸದೇನಲ್ಲ. ಎಲ್ಲರ ಮುಂದೆ ಬರೆಯುವಾಗ ಜನ ಸಿಟ್ಟನ್ನು ಬರೆಯುತ್ತಾರೆ, ಹೆದರಿಕೆಯನ್ನು ಬರೆಯುವುದಿಲ್ಲ. ಖಾಸಗಿಯಾಗಿ ಕೇಳಿದರೆ ಅದು ಹೊರಬರುತ್ತದೆ. "ಯಾಕೆ ಹಾಗೆ ಅನ್ನಿಸಿತು ಹೇಳಿ" ಅಂತ ಕೇಳದೆ, ಬ್ಯಾಡಗಿಯ ಬಗ್ಗೆ ಪಾಠ ಶುರು ಮಾಡಿದ್ದರೆ ಇದು ಬರುತ್ತಲೇ ಇರಲಿಲ್ಲ.

ಈಗ ಉತ್ತರ ಏನು? ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಬಹಳ ಜನ ಪುಡಿ ಮಾಡುವವರೇ.

ಲೋಟದ ನೀರಿನ ಪರೀಕ್ಷೆ ನಿಮಗೆ ಗೊತ್ತಿರುತ್ತದೆ. ಎಫ್‌ಎಸ್‌ಎಸ್‌ಎಐ ಅವರೇ ಮನೆಯಲ್ಲಿ ಮಾಡಿ ನೋಡಿ ಅಂತ ಹೇಳಿರುವುದು. ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಬೇಕು. ಬೆರಕೆ ಬಣ್ಣ ಇದ್ದರೆ ಉದುರಿಸಿದ ಕೂಡಲೇ ಅದು ಎಳೆ ಎಳೆಯಾಗಿ ಕೆಳಗೆ ಇಳಿಯುತ್ತದೆ. ಮೆಣಸಿನಕಾಯಿಯ ಸ್ವಂತ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು. ಒಗ್ಗರಣೆಗೆ ಹಾಕಿದಾಗ ಎಣ್ಣೆ ಕೆಂಪಾಗುತ್ತದಲ್ಲ, ಅದು. ನೀರಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಆದರೆ ಸಣ್ಣಗೆ ಬೀಸಿದ ಪುಡಿಯನ್ನು ಚಮಚ ಹಾಕಿ ಕಲಕಿದರೆ ನೀರೆಲ್ಲ ಕೆಂಪಾಗಿ ಕಾಣುತ್ತದೆ. ಅದು ಕರಗಿದ ಬಣ್ಣ ಇರುವುದಿಲ್ಲ, ತೇಲುವ ಪುಡಿ. ಆ ಅಕ್ಕ ಕಲಕಿರಬೇಕು ಅಂತ ನಮಗೆ ಅನ್ನಿಸಿತು.

ಅಣ್ಣಾವ್ರು ಕೂಡಲೇ, "ಕಲಕಬ್ಯಾಡ್ರಿ, ಸುಮ್ನ ಉದುರಿಸಿ ನೋಡ್ರಿ ಅಂತ ಬರೀರಿ, ಮುಗೀತು" ಅಂದರು. ಮುಗಿಯುವುದಿಲ್ಲ. ಆ ಪರೀಕ್ಷೆ ಹಿಡಿಯುವುದು ನೀರಿನಲ್ಲಿ ಕರಗುವ ಬಣ್ಣವನ್ನು ಮಾತ್ರ. ಖಾರದ ಪುಡಿಗೆ ಬೆರೆಸುವ ಕೆಟ್ಟ ಬಣ್ಣಗಳಲ್ಲಿ ಸುಡಾನ್ ಅಂತ ಒಂದು ಜಾತಿ ಇದೆ. ಆಹಾರಕ್ಕೆ ಅದನ್ನು ಹಾಕುವಂತಿಲ್ಲ. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಇಲ್ಲ. ಅಂದರೆ ಲೋಟದ ಪರೀಕ್ಷೆಯಲ್ಲಿ ಪಾಸಾದ ಪುಡಿಯಲ್ಲೂ ಅದು ಇರಬಹುದು. ಇದು ಗೊತ್ತಿರುವ ಗ್ರಾಹಕರಿಗೆ ನೀವು ಲೋಟದ ಪರೀಕ್ಷೆ ಹೇಳಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಗೊತ್ತಿಲ್ಲದವರಿಗೆ ಹೇಳಿ ಒಪ್ಪಿಸಿದರೆ ಅದು ಪ್ರಾಮಾಣಿಕ ಉತ್ತರ ಆಗುವುದಿಲ್ಲ. ನಮ್ಮ ಪುಡಿ ಶುದ್ಧ ಅಂತ ನಮಗೆ ಗೊತ್ತಿರಬಹುದು, ಅವರಿಗೆ ಗೊತ್ತಾಗಬೇಕಲ್ವಾ?

ಹಾಗಾಗಿ ಲ್ಯಾಬ್ ಪರೀಕ್ಷೆಯೇ ದಾರಿ. ಅದರಲ್ಲೂ ಒಂದು ತೊಡಕು. ಅಂಗಡಿಯಲ್ಲಿ ಉಳಿದ ಪುಡಿಯನ್ನು ನಾವೇ ಲ್ಯಾಬಿಗೆ ಕೊಟ್ಟು ರಿಪೋರ್ಟ್ ತಂದರೆ, "ಒಳ್ಳೆಯದನ್ನು ಕೊಟ್ಟಿರಿ" ಅನ್ನಬಹುದು. ಅಂದರೆ ತಪ್ಪೇನೂ ಇಲ್ಲ. ಅವರ ಹತ್ತಿರ ಎರಡನೇ ಪ್ಯಾಕೆಟ್ ಇದೆಯಲ್ಲ, ಅದು ಒಡೆದಿಲ್ಲವಾ ಅಂತ ಕೇಳಿದೆವು. ಸೀಲ್ ಸಮೇತ ಇತ್ತು. ಆಗ ಎರಡನೇ ಪತ್ರ ಹೋಯಿತು.

"ಮೇಡಂ, ಮಕ್ಕಳು ತಿಂದಿದ್ದಾರೆ ಅಂದಮೇಲೆ ನಿಮ್ಮ ಚಿಂತೆ ಸರಿಯೇ. ಯಾರಿಗಾದರೂ ಆರೋಗ್ಯ ಸರಿ ಇಲ್ಲದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ನಮಗೂ ತಿಳಿಸಿ. ನೀರಿನಲ್ಲಿ ಹಾಕಿ ನೋಡುವುದರಿಂದ ಎಲ್ಲ ಬಣ್ಣವೂ ಗೊತ್ತಾಗುವುದಿಲ್ಲ. ಹಾಗಾಗಿ ನೀವು ಒಡೆಯದ ಪ್ಯಾಕೆಟ್ ಅನ್ನು ಹಾಗೆಯೇ ಎಫ್‌ಎಸ್‌ಎಸ್‌ಎಐ ಮಾನ್ಯತೆ ಇರುವ ಲ್ಯಾಬಿಗೆ ನೀವೇ ಕೊಡಿ. ಯಾವ ಲ್ಯಾಬ್ ಅನ್ನೋದು ನಿಮ್ಮ ಇಷ್ಟ. ನೀರಿನಲ್ಲಿ ಕರಗುವ ಬಣ್ಣ ಮತ್ತು ಸುಡಾನ್ ಬಣ್ಣ, ಎರಡಕ್ಕೂ ಪರೀಕ್ಷೆ ಮಾಡಿ ಅಂತ ಹೇಳಿ. ಅದರ ಖರ್ಚು ನಮ್ಮದು. ರಿಪೋರ್ಟ್ ನೇರ ನಿಮಗೇ ಬರಲಿ. ಪ್ಯಾಕೆಟ್ ಹಿಂದಿನ ಬ್ಯಾಚ್ ನಂಬರಿನ ಫೋಟೋ ಕಳಿಸಿದರೆ, ರಿಪೋರ್ಟ್ ಬರುವವರೆಗೆ ಆ ಬ್ಯಾಚ್ ಮಾರುವುದನ್ನು ನಿಲ್ಲಿಸುತ್ತೇವೆ. ಉಳಿದ ₹420 ಕೂಡ ಇವತ್ತು ವಾಪಸ್ ಹಾಕುತ್ತಿದ್ದೇವೆ, ಯಾಕೆಂದರೆ ಈಗ ಎರಡೂ ಪ್ಯಾಕೆಟ್ ನಿಮ್ಮ ಬಳಕೆಗೆ ಬರುವುದಿಲ್ಲ."

ಬ್ಯಾಚ್ ನಿಲ್ಲಿಸುವ ಮಾತು ಅಣ್ಣಾವ್ರಿಗೆ ಕಷ್ಟವಾಯಿತು. ಆ ಬ್ಯಾಚ್‌ನಲ್ಲಿ ಇನ್ನೂ ಒಂದಷ್ಟು ಪ್ಯಾಕೆಟ್ ಇದ್ದವು. ಆದರೆ ಅವರು ಬೀಸಿಸಿದ್ದು ಸ್ವಂತ ಗಿರಣಿಯಲ್ಲಿ ಇರಲಿಲ್ಲ, ಬಾಡಿಗೆ ಗಿರಣಿಯಲ್ಲಿ. ಅವರಿಗಿಂತ ಮೊದಲು ಅದೇ ಗಿರಣಿಯಲ್ಲಿ ಯಾರು ಏನು ಬೀಸಿಸಿದರೋ! "ನಾವು ಬಣ್ಣ ಹಾಕುವುದಿಲ್ಲ" ಅನ್ನುವುದು ನಿಜ. ಪ್ಯಾಕೆಟ್‌ನಲ್ಲಿ ಬಣ್ಣ ಇಲ್ಲ ಅನ್ನುವುದು ಬೇರೆ ಮಾತು, ಅದನ್ನು ರಿಪೋರ್ಟೇ ಹೇಳಬೇಕು. ಇದು ಹೊಳೆದ ಮೇಲೆ ಅವರೇ ಪ್ಯಾಕೆಟ್‌ಗಳನ್ನು ಕಪಾಟಿನಿಂದ ಕೆಳಗಿಳಿಸಿದರು. ದೂರು ಸುಳ್ಳು ಅಂತ ತೋರಿಸಲು ಮಾಡುವ ಕೆಲಸಕ್ಕೂ, ದೂರು ನಿಜ ಇದ್ದರೆ ಅಂತ ಮಾಡುವ ಕೆಲಸಕ್ಕೂ ವ್ಯತ್ಯಾಸ ಪತ್ರದಲ್ಲಿ ಗೊತ್ತಾಗುತ್ತದೆ.

ಆ ಅಕ್ಕ ಪ್ಯಾಕೆಟ್ ಲ್ಯಾಬಿಗೆ ಕೊಟ್ಟರು. ರಸೀದಿಯ ಫೋಟೋ ಕಳಿಸಿದರು, ಆ ಹಣವೂ ಅವತ್ತೇ ಹೋಯಿತು. ಆಮೇಲೆ ರಿಪೋರ್ಟ್ ಬಂತು. ಎರಡೂ ಬಗೆಯ ಬಣ್ಣ ಪತ್ತೆಯಾಗಿರಲಿಲ್ಲ. ಅದನ್ನು ಅವರೇ ನಮಗೆ ಕಳಿಸಿದರು. ಜೊತೆಗೆ, "ಆದರೆ ಖಾರ ಮಾತ್ರ ಇಲ್ಲ ನೋಡಿ" ಅಂತ ಒಂದು ಸಾಲು. ಅಣ್ಣಾವ್ರಿಗೆ ಬ್ಯಾಡಗಿಯ ಪಾಠ ಮಾಡಲು ಅವಕಾಶ ಸಿಕ್ಕಿದ್ದು ಆಗ. ಅದೂ ಎರಡೇ ವಾಕ್ಯ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ, ನಿಮ್ಮ ಸಾರಿಗೆ ಎರಡೂ ಬೆರೆಸಿದ್ದು ಸರಿಹೋಗುತ್ತದೆ ಅಂತ. ಈಗ ಅವರ ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಆ ಪುಡಿಯ ಕೆಳಗೆ "ಬಣ್ಣ ಜಾಸ್ತಿ, ಖಾರ ಕಡಿಮೆ" ಅಂತ ಬರೆದಿದ್ದಾರೆ. ಮೊದಲು "ಅಪ್ಪಟ ಬ್ಯಾಡಗಿ" ಅಂತ ಮಾತ್ರ ಇತ್ತು. ನಮ್ಮ ಕಡೆಯವರಿಗೆ ಅಷ್ಟು ಹೇಳಿದರೆ ಸಾಕು, ಮೈಸೂರಿಗೆ ಸಾಲದು.

ರಿವ್ಯೂ ಏನಾಯಿತು ಅಂತ ತಾನೇ ನೀವು ಕಾಯುತ್ತಿರುವುದು? ಆ ಅಕ್ಕ ಅದನ್ನು ತೆಗೆಯಲಿಲ್ಲ. ಕೆಲವು ದಿನ ಬಿಟ್ಟು ತಿದ್ದಿದರು. "ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ, ಬಣ್ಣ ಇಲ್ಲ. ಹಣ ವಾಪಸ್ ಕೊಟ್ಟರು. ಪ್ಯಾಕಿಂಗ್ ಸುಧಾರಿಸಬೇಕು. ಮಧ್ಯಾಹ್ನ ಫೋನ್ ಮಾಡಬೇಡಿ, ಎತ್ತಲ್ಲ." ಮೂರು ಸ್ಟಾರ್. ಅಣ್ಣಾವ್ರಿಗೆ ಐದು ಬರಲಿಲ್ಲ ಅಂತ ಬೇಜಾರು. ನನಗೆ ಆ ಮೂರರ ಮೇಲೆ ಹೆಚ್ಚು ನಂಬಿಕೆ, ಓದುವವರಿಗೂ ಹಾಗೇ ಇರಬೇಕು. ತಿದ್ದಿದ ಮೇಲೆ ನಮ್ಮ ಹಳೆಯ ಉತ್ತರವನ್ನೂ ತಿದ್ದಿದೆವು, ಇಲ್ಲದಿದ್ದರೆ ಎರಡಕ್ಕೂ ತಾಳೆಯಾಗುತ್ತಿರಲಿಲ್ಲ.

ಕೊನೆಗೆ ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆ ಬರೆದು ಮುಗಿಸುತ್ತೇನೆ.

ರೊಟ್ಟಿ ಮಾಡುವ ಒಬ್ಬ ಅಕ್ಕಾವ್ರು ಕೇಳಿದರು: "ಪತ್ರ ಬರದ್ರೂ ಉತ್ತರನ ಬರಲಿಲ್ಲಂದ್ರ?" ನಾಲ್ಕೈದು ದಿನ ಬಿಟ್ಟು ಇನ್ನೊಂದು ಸಲ ಬರೆಯಬಹುದು, ಚಿಕ್ಕದಾಗಿ. ಹಣ ಕೊಡುವುದಿದ್ದರೆ ಉತ್ತರಕ್ಕೆ ಕಾಯದೆ ಹಾಕಿಬಿಡಿ, ಹಾಕಿದ್ದೇವೆ ಅಂತ ತಿಳಿಸಿ. ಅಲ್ಲಿಗೆ ನಿಲ್ಲಿಸಬೇಕು. ಮೂರನೆಯ ಸಲ ಬರೆದರೆ, ಅಥವಾ ಬೇರೆ ಬೇರೆ ನಂಬರಿನಿಂದ ಫೋನ್ ಮಾಡಿದರೆ, ಅದು ಬೆನ್ನುಹತ್ತಿದ ಹಾಗೆ. ಅವರು ನಂಬರು ಕೊಟ್ಟದ್ದು ಸಾಮಾನು ತಲುಪಿಸಲು. ಒಂದು ಗಟ್ಟಿ ಮಾತು ಹೇಳುತ್ತೇನೆ, ಮನೆಗೆ ಮಾತ್ರ ಹೋಗಬೇಡಿ. ವಿಳಾಸ ಇದೆ, ಊರು ಇಲ್ಲೇ ಇದೆ, ಒಂದು ಮಾತು ಆಡಿ ಬರೋಣ ಅಂತ ಒಳ್ಳೆಯ ಮನಸ್ಸಿನಿಂದಲೇ ಹೊರಡುವವರಿದ್ದಾರೆ. ಬಾಗಿಲು ತೆರೆದವರಿಗೆ ಅದು ಹಾಗೆ ಕಾಣಿಸುವುದಿಲ್ಲ.

ಇನ್ನೊಬ್ಬರು ಗದಗಿನ ಕಡೆಯವರು. "ಆರ್ಡರ್ ಪಟ್ಟಿಯೊಳಗ ಹೆಸರ ಇಲ್ಲ, ಫೋನ್ ಬಂದಿಲ್ಲ, ಪಕ್ಕದ ಅಂಗಡಿಯವ್ರು ಬರೆಸಿದ್ದು ಅಂತ ಅನಿಸ್ತದ. ಆಗೇನು?" ಅಂದರು. ಅನ್ನಿಸುವುದು ಸಾಲದು. ಮೊದಲು ಅದನ್ನು ನಿಜವಾದ ಗ್ರಾಹಕರೆಂದೇ ತಿಳಿದು, "ಈ ದಿನದ ಆರ್ಡರ್ ನಮ್ಮಲ್ಲಿ ಸಿಗುತ್ತಿಲ್ಲ, ದಯವಿಟ್ಟು ಈ ನಂಬರಿಗೆ ತಿಳಿಸಿ" ಅಂತ ಎಲ್ಲರ ಮುಂದೆ ಉತ್ತರ ಕೊಡಿ. ಎಷ್ಟೋ ಸಲ ಮಗಳು ತರಿಸಿದ್ದಕ್ಕೆ ತಾಯಿ ಬರೆದಿರುತ್ತಾರೆ, ಯಾರದೋ ಹೆಸರಿನಲ್ಲಿ ಆರ್ಡರ್ ಇರುತ್ತದೆ. ಯಾರೂ ಬರದಿದ್ದರೆ ಗೂಗಲ್‌ಗೆ ರಿಪೋರ್ಟ್ ಮಾಡಬಹುದು. ಆದರೆ ಬರೀ ಕೆಟ್ಟದಾಗಿ ಬರೆದಿದ್ದಾರೆ ಅನ್ನುವ ಕಾರಣಕ್ಕೆ ಅವರು ತೆಗೆಯುವುದಿಲ್ಲ. ನಿಯಮ ಮುರಿದಿದ್ದರೆ ಮಾತ್ರ ತೆಗೆಯುತ್ತಾರೆ, ಅದಕ್ಕೂ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಪಕ್ಕದ ಅಂಗಡಿಗೆ ಹೋಗಿ ಕೇಳಬೇಡಿ ಅಂದೆ. ಅವರು ನಕ್ಕು, "ಕೇಳಿ ಬಂದೀನ್ರಿ" ಅಂದರು.